ಜೇನ್ ಐರ್: 38 ಅಧ್ಯಾಯ, ಒಂದೇ ಪುಟ

ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡಿರುವ ನಮ್ಮ ತುಮಕೂರಿನ ಬಿಎ ಮಕ್ಕಳಿಗೆ, ಸೋಮವಾರದ ಪರೀಕ್ಷೆಗಾಗಿ. ಶಿರಾ, ಮಧುಗಿರಿ, ಪಾವಗಡದ ಬಸ್ಸಿನಲ್ಲಿ ಬರುವವರು ದಾರಿಯಲ್ಲಿ ಓದಿಕೊಳ್ಳಲಿ ಎಂದು ಒಂದೇ ಪುಟಕ್ಕೆ ಇಳಿಸಿದ್ದೇನೆ. ಕಾದಂಬರಿ ಓದಿದವರಿಗೆ ಇದು ನೆನಪಿನ ಚೀಟಿ. ಓದದವರು ಕೊನೇಪಕ್ಷ 23, 26, 27ನೇ ಅಧ್ಯಾಯಗಳನ್ನು ಮೂಲದಲ್ಲೇ ಓದಿಬಿಡಿ.

ಬರೆದವರು ಶಾರ್ಲಟ್ ಬ್ರಾಂಟೆ. ಕರರ್ ಬೆಲ್ ಎಂಬ ಹೆಸರಿನಲ್ಲಿ 1847ರಲ್ಲಿ 3 ಸಂಪುಟಗಳಾಗಿ ಬಂತು. ಕಥೆ ಹೇಳುವವಳು ಜೇನ್, ಮದುವೆಯಾಗಿ 10 ವರ್ಷವಾದ ಮೇಲೆ. ಕಥೆ ಐದು ಕಡೆ ನಡೆಯುತ್ತದೆ. ಹೋದ ಕಡೆಯಲ್ಲೆಲ್ಲ ಯಾರಾದರೂ ಒಬ್ಬರು ಅವಳಿಗೆ 'ನೀನು ಹೀಗಿರಬೇಕು' ಅನ್ನುತ್ತಾರೆ. ಅವಳು ಎಲ್ಲಿ 'ಆಗಲ್ಲ' ಅನ್ನುತ್ತಾಳೆ ಅನ್ನುವುದನ್ನು ಹಿಡಿದುಕೊಳ್ಳಿ. ಪ್ರಶ್ನೆ ಹೇಗೇ ಬಂದರೂ ಉತ್ತರ ಅಲ್ಲಿಂದ ಹುಟ್ಟುತ್ತದೆ.

ಗೇಟ್ಸ್‌ಹೆಡ್ (1–4)

1: ಅಪ್ಪ ಅಮ್ಮ ಇಲ್ಲದ 10 ವರ್ಷದ ಜೇನ್, ಸೋದರಮಾವನ ಹೆಂಡತಿ ಮಿಸೆಸ್ ರೀಡ್ ಮನೆಯಲ್ಲಿ. ಕಿಟಕಿಯ ಪರದೆ ಹಿಂದೆ ಕೂತು ಹಕ್ಕಿಗಳ ಪುಸ್ತಕ ನೋಡುತ್ತಿರುತ್ತಾಳೆ. ಅತ್ತೆಯ ಮಗ ಜಾನ್ ಅದೇ ಪುಸ್ತಕ ಎಸೆಯುತ್ತಾನೆ, ತಲೆ ಒಡೆಯುತ್ತದೆ. ಜೇನ್ ತಿರುಗಿ ಬೀಳುತ್ತಾಳೆ. ಶಿಕ್ಷೆ ಮಾತ್ರ ಅವಳಿಗೇ. 2: ಮಾವ ತೀರಿಕೊಂಡ ಕೆಂಪು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಭಯದಿಂದ ಪ್ರಜ್ಞೆ ತಪ್ಪುತ್ತದೆ. 3: ಔಷಧಿ ಕೊಡಲು ಬಂದ ಲಾಯ್ಡ್ ಶಾಲೆಗೆ ಸೇರಿಸುವ ಮಾತೆತ್ತುತ್ತಾರೆ. 4: ಶಾಲೆಯ ಯಜಮಾನ ಬ್ರಾಕಲ್‌ಹರ್ಸ್ಟ್ ಬರುತ್ತಾನೆ. ನರಕಕ್ಕೆ ಹೋಗದಿರಲು ಏನು ಮಾಡಬೇಕು ಅಂತ ಕೇಳಿದರೆ, ಆರೋಗ್ಯವಾಗಿದ್ದು ಸಾಯದೆ ಇರಬೇಕು ಅನ್ನುತ್ತಾಳೆ ಹುಡುಗಿ! ಆಮೇಲೆ ಅತ್ತೆಯ ಮುಖಕ್ಕೇ ಹೇಳುತ್ತಾಳೆ: ಸುಳ್ಳುಗಾತಿ ನಾನಲ್ಲ. ಇದು ಮೊದಲ 'ಆಗಲ್ಲ'.

ಲೋವುಡ್ ಶಾಲೆ (5–10)

5: ಸೀದ ಗಂಜಿ, ಚಳಿ, ಹಸಿವು. ಮುಖ್ಯ ಶಿಕ್ಷಕಿ ಮಿಸ್ ಟೆಂಪಲ್ ತಮ್ಮ ಜವಾಬ್ದಾರಿಯ ಮೇಲೆ ಬ್ರೆಡ್ಡು, ಚೀಸ್ ಕೊಡಿಸುತ್ತಾರೆ. 6: ಹೆಲೆನ್ ಬರ್ನ್ಸ್‌ಗೆ ಏಟು. ಅವಳದು ಸಹಿಸುವ ದಾರಿ, ಜೇನ್‌ದು ಎದುರಾಡುವ ದಾರಿ. ಈ ಮಾತುಕತೆ ಮುಖ್ಯ, ಹೋಲಿಕೆ ಪ್ರಶ್ನೆಗೆ ಬೇಕೇ ಬೇಕು. 7: ಗುಂಗುರು ಕೂದಲು ಕತ್ತರಿಸಿ ಅನ್ನುವ ಬ್ರಾಕಲ್‌ಹರ್ಸ್ಟ್‌ನ ಹಿಂದೆಯೇ ಅವನ ಹೆಣ್ಣುಮಕ್ಕಳು ರೇಷ್ಮೆ ಉಟ್ಟು, ಕೂದಲು ಸುರುಳಿ ಮಾಡಿಕೊಂಡು ಬರುತ್ತಾರೆ. ಜೇನ್‌ಳನ್ನು ಸ್ಟೂಲ್ ಮೇಲೆ ನಿಲ್ಲಿಸಿ ಸುಳ್ಳುಗಾತಿ ಅನ್ನುತ್ತಾನೆ. 8: ಮಿಸ್ ಟೆಂಪಲ್ ವಿಚಾರಿಸಿ ಆ ಕಳಂಕ ತೊಡೆಯುತ್ತಾರೆ. 9: ಟೈಫಸ್ ಜ್ವರ ಬಂದು ಮಕ್ಕಳು ಸಾಯುತ್ತಾರೆ. ಹೆಲೆನ್ ಸಾಯುವುದು ಕ್ಷಯದಿಂದ, ಜೇನ್ ಪಕ್ಕದಲ್ಲೇ. ಟೈಫಸ್ ಅಂತ ಬರೆಯಬೇಡಿ. 10: 8 ವರ್ಷ ಒಂದೇ ಅಧ್ಯಾಯದಲ್ಲಿ ದಾಟುತ್ತದೆ. ಕೊನೆಯ 2 ವರ್ಷ ಅವಳೇ ಟೀಚರ್. ತಾನೇ ಪತ್ರಿಕೆಗೆ ಜಾಹೀರಾತು ಕೊಟ್ಟು ಕೆಲಸ ಹಿಡಿಯುತ್ತಾಳೆ, ವರ್ಷಕ್ಕೆ 30 ಪೌಂಡ್.

ಥಾರ್ನ್‌ಫೀಲ್ಡ್ (11–27)

11: ಮನೆ ನೋಡಿಕೊಳ್ಳುವ ಮಿಸೆಸ್ ಫೇರ್‌ಫ್ಯಾಕ್ಸ್, ಪಾಠ ಕಲಿಯುವ ಪುಟ್ಟ ಅಡೆಲ್, ಮೂರನೇ ಮಹಡಿಯಿಂದ ನಗು. 12: ಹೆಣ್ಣಿಗೂ ಗಂಡಿನಷ್ಟೇ ಆಸೆ ಇರುತ್ತದೆ ಎಂಬ ಪ್ರಸಿದ್ಧ ಭಾಗ ಇಲ್ಲಿದೆ. ಮಂಜಿನ ಮೇಲೆ ಕುದುರೆ ಜಾರಿ ಬಿದ್ದವನಿಗೆ ಹೆಗಲು ಕೊಡುತ್ತಾಳೆ. ಅವನೇ ಯಜಮಾನ ರಾಚೆಸ್ಟರ್. 13, 14: ಚಿತ್ರಗಳು, ಮಾತು. ನಾನು ಸುಂದರವಾಗಿದ್ದೀನಾ ಅಂದರೆ, ಇಲ್ಲ ಅನ್ನುತ್ತಾಳೆ. 15: ಅಡೆಲ್‌ಳ ತಾಯಿಯ ಕಥೆ. ರಾತ್ರಿ ಅವನ ಹಾಸಿಗೆಗೆ ಬೆಂಕಿ, ಜೇನ್ ನೀರು ಸುರಿದು ಉಳಿಸುತ್ತಾಳೆ. 16–18: ಬ್ಲಾಂಚ್ ಇಂಗ್ರಾಮ್ ಮತ್ತು ನೆಂಟರ ದಂಡು. ಬೇಗ ದಾಟಿ. ಮೇಸನ್ ಎಂಬ ಅತಿಥಿ ಬರುವುದು ಮಾತ್ರ ನೆನಪಿರಲಿ. 19: ಕಣಿ ಹೇಳುವ ಮುದುಕಿಯ ವೇಷದಲ್ಲಿ ರಾಚೆಸ್ಟರ್. 20: ಮಧ್ಯರಾತ್ರಿ ಚೀರಾಟ. ಮೇಸನ್‌ಗೆ ಇರಿತ, ಕಚ್ಚಿದ ಗಾಯ. 21: ಸಾಯುತ್ತಿರುವ ಅತ್ತೆಯನ್ನು ನೋಡಲು ಗೇಟ್ಸ್‌ಹೆಡ್‌ಗೆ ಹೋಗುತ್ತಾಳೆ. ಮಡೀರಾದ ಚಿಕ್ಕಪ್ಪನ ಪತ್ರವನ್ನು ಅತ್ತೆ 3 ವರ್ಷ ಬಚ್ಚಿಟ್ಟಿದ್ದಳು. ಜೇನ್ ಕ್ಷಮಿಸುತ್ತಾಳೆ. 22: ವಾಪಸ್.

23: ತೋಟದಲ್ಲಿ ಮದುವೆ ಪ್ರಸ್ತಾಪ. ಬಡವಳು, ಚೆಲುವೆ ಅಲ್ಲ ಅಂದಮಾತ್ರಕ್ಕೆ ನನಗೆ ಆತ್ಮ ಇಲ್ಲವೇ ಎಂದು ಮೊದಲು ಮನಸ್ಸು ಬಿಚ್ಚುವವಳು ಜೇನ್. ಅದೇ ರಾತ್ರಿ ಚೆಸ್ಟ್‌ನಟ್ ಮರ ಸಿಡಿಲಿಗೆ ಸೀಳುತ್ತದೆ. 24: ರೇಷ್ಮೆ, ಒಡವೆ ಅವಳಿಗೆ ಹಿಂಸೆ. ಚಿಕ್ಕಪ್ಪನಿಗೆ ಪತ್ರ ಬರೆಯುತ್ತಾಳೆ. ಚಿಕ್ಕಪ್ಪನಿಂದ ಮೇಸನ್‌ಗೆ ವಿಷಯ ತಿಳಿದು ಮುಂದೆ ಮದುವೆ ನಿಲ್ಲಲು ಇದೇ ಕಾರಣ, ಬಹಳ ಜನ ಮರೆಯುತ್ತಾರೆ. 25: ಮದುವೆಯ ಮುಸುಕು ಹರಿಯುತ್ತಾಳೆ ಯಾರೋ ಹೆಂಗಸು. 26: ಚರ್ಚಿನಲ್ಲಿ ವಕೀಲ ಬ್ರಿಗ್ಸ್ ತಡೆಯುತ್ತಾನೆ. ರಾಚೆಸ್ಟರ್‌ಗೆ ಹೆಂಡತಿ ಇದ್ದಾಳೆ: ಜಮೈಕಾದ ಬರ್ಥಾ, ಮೇಸನ್‌ನ ಅಕ್ಕ, ಮೂರನೇ ಮಹಡಿಯಲ್ಲಿ ಬಂಧಿ. ಅವಳ ಕಥೆ ಅವಳದೇ ಬಾಯಿಂದ ಕಾದಂಬರಿಯಲ್ಲಿ ಎಲ್ಲೂ ಇಲ್ಲ. ಹೆಣ್ಣಿನ ಸ್ವಾತಂತ್ರ್ಯದ ಬಗ್ಗೆ ಬರೆಯುವವರು ಬರ್ಥಾಳನ್ನು ಬಿಟ್ಟು ಬರೆಯಬೇಡಿ, ನಿಮ್ಮ ಉತ್ತರ ಅರ್ಧವಾಗುತ್ತದೆ. ಕೆಂಪು ಕೋಣೆಯಲ್ಲಿ ಕೂಡಿಹಾಕಿಸಿಕೊಂಡ ಜೇನ್‌ಳನ್ನು ಇಲ್ಲಿ ಮತ್ತೆ ನೆನೆಸಿಕೊಳ್ಳಿ.

27: ಇಡೀ ಕಾದಂಬರಿಯ ಬೆನ್ನುಮೂಳೆ. ರಾಚೆಸ್ಟರ್ ಬೇಡುತ್ತಾನೆ: ದಕ್ಷಿಣ ಫ್ರಾನ್ಸಿಗೆ ಹೋಗೋಣ, ಗಂಡ ಹೆಂಡತಿ ಥರ ಇರೋಣ, ನಿನಗಾಗಿ ಅಳುವವರು ಯಾರೂ ಇಲ್ವಲ್ಲ. ಹಾಗಿರುವಾಗಲೇ ತನ್ನನ್ನು ತಾನು ಇನ್ನೂ ಜಾಸ್ತಿ ಗೌರವಿಸಿಕೊಳ್ಳಬೇಕು ಅನ್ನುತ್ತಾಳೆ ಜೇನ್. ಪ್ರೀತಿ ಇಲ್ಲ ಅಂತಲ್ಲ, ಪ್ರೀತಿ ಇಟ್ಟುಕೊಂಡೇ ಹೊರಡುತ್ತಾಳೆ. ಬೆಳಗಾಗುವ ಮುಂಚೆ, ಬಾಗಿಲ ಕೀಲಿಗೆ ಎಣ್ಣೆ ಬಿಟ್ಟು, ಸದ್ದಾಗದಂತೆ. ಈ ಎಣ್ಣೆಯ ವಿವರ ಉತ್ತರದಲ್ಲಿ ಬಂದರೆ ನೀವು ಪುಸ್ತಕ ಓದಿದ್ದೀರಿ ಅಂತ ಯಾರಿಗಾದರೂ ಗೊತ್ತಾಗುತ್ತದೆ.

ಮೂರ್ ಹೌಸ್, ಮಾರ್ಟನ್ (28–35)

28: ಗಂಟು ಕೋಚ್‌ನಲ್ಲೇ ಮರೆತು, ಬಯಲಲ್ಲಿ ಮಲಗಿ, ಹಂದಿಗೆ ಹಾಕಲಿದ್ದ ಗಂಜಿ ಬೇಡಿ ತಿನ್ನುತ್ತಾಳೆ. ಸೇಂಟ್ ಜಾನ್ ರಿವರ್ಸ್ ಮತ್ತು ತಂಗಿಯರಾದ ಡಯಾನಾ, ಮೇರಿ ಆಸರೆ ಕೊಡುತ್ತಾರೆ. 29: ತಾನು ಹೇಳಿದ ಜೇನ್ ಎಲಿಯಟ್ ನಿಜವಾದ ಹೆಸರಲ್ಲ ಅಂತ ಒಪ್ಪಿಕೊಳ್ಳುತ್ತಾಳೆ. 30, 31: ಹಳ್ಳಿ ಶಾಲೆಯ ಟೀಚರ್. 32: ರೋಸಮಂಡ್‌ಳನ್ನು ಪ್ರೀತಿಸಿಯೂ ಸೇಂಟ್ ಜಾನ್ ಬೇಡ ಅನ್ನುತ್ತಾನೆ, ಅವಳು ಮಿಷನರಿಯ ಹೆಂಡತಿ ಆಗಲಾರಳು ಅಂತ. 33: ಚಿಕ್ಕಪ್ಪನ ಆಸ್ತಿ 20,000 ಪೌಂಡ್ ಜೇನ್‌ಗೆ. ರಿವರ್ಸ್‌ಗಳು ಅವಳ ಸ್ವಂತ ಸೋದರತ್ತೆಯ ಮಕ್ಕಳು. ನಾಲ್ಕು ಪಾಲು ಮಾಡಿ ತಲಾ 5,000 ಹಂಚುತ್ತಾಳೆ. ದುಡ್ಡಿಗಿಂತ ಬಂಧುಗಳು ಸಿಕ್ಕ ಸಂತೋಷವೇ ಅವಳಿಗೆ ದೊಡ್ಡದು. 34: ಸೇಂಟ್ ಜಾನ್ ಅವಳಿಗೆ ಹಿಂದೂಸ್ತಾನಿ ಕಲಿಸುತ್ತಾನೆ. ಹೆಂಡತಿಯಾಗಿ ಭಾರತಕ್ಕೆ ಬಾ ಅನ್ನುತ್ತಾನೆ. ತಂಗಿಯಾಗಿ ಬರುತ್ತೇನೆ, ಪ್ರೀತಿ ಇಲ್ಲದ ಮದುವೆ ಆಗಲ್ಲ ಅನ್ನುತ್ತಾಳೆ. ಆ ಕಾಲದಲ್ಲಿ ನಮ್ಮ ಗುಬ್ಬಿಯಲ್ಲೂ ವೆಸ್ಲಿಯನ್ ಮಿಷನ್ ಇತ್ತು. ಸೇಂಟ್ ಜಾನ್‌ನಂಥವರು ಬರೀ ಕಲ್ಪನೆ ಅಲ್ಲ. 35: ಒಪ್ಪುವ ಅಂಚಿನಲ್ಲಿದ್ದಾಗ ದೂರದಿಂದ ರಾಚೆಸ್ಟರ್ ಕರೆದಂತೆ ಕೇಳುತ್ತದೆ. 27 ಮತ್ತು 34 ಒಟ್ಟಿಗೆ ಓದಿ: ಒಬ್ಬ ಮದುವೆ ಇಲ್ಲದ ಪ್ರೀತಿ ಕೇಳಿದ, ಇನ್ನೊಬ್ಬ ಪ್ರೀತಿ ಇಲ್ಲದ ಮದುವೆ ಕೇಳಿದ.

ಫರ್ನ್‌ಡೀನ್ (36–38)

36: ಥಾರ್ನ್‌ಫೀಲ್ಡ್ ಸುಟ್ಟು ಬರೀ ಗೋಡೆ ಉಳಿದಿದೆ. ಬರ್ಥಾ ಮಾಳಿಗೆಯಿಂದ ಹಾರಿ ಸತ್ತಳು. ಎಲ್ಲರನ್ನೂ ಉಳಿಸಲು ಹೋದ ರಾಚೆಸ್ಟರ್‌ಗೆ ಒಂದು ಕೈ, ದೃಷ್ಟಿ ಹೋಯಿತು. 37: ನೀರಿನ ಲೋಟ ಹಿಡಿದು ಒಳಗೆ ಬಂದವಳು ಜೇನ್ ಅಂತ ಅವನು ಕೈ ಮುಟ್ಟಿ ತಿಳಿಯುತ್ತಾನೆ. ಈಗ ಅವಳ ಕೈಯಲ್ಲಿ ದುಡ್ಡಿದೆ, ಬಂಧುಗಳಿದ್ದಾರೆ. ಬಂದಿದ್ದು ಅವಳ ಇಷ್ಟದಿಂದ. 38: ಮದುವೆ. 2 ವರ್ಷದ ಮೇಲೆ ಅವನ ಒಂದು ಕಣ್ಣಿಗೆ ದೃಷ್ಟಿ ಬರುತ್ತದೆ, ಮಗನನ್ನು ನೋಡುತ್ತಾನೆ. ಕಾದಂಬರಿ ಮುಗಿಯುವುದು ಇವರ ಸಂಸಾರದಿಂದಲ್ಲ. ಕಡೆಯ ಸಾಲುಗಳು ಭಾರತದಲ್ಲಿ ಸಾವಿಗೆ ಹತ್ತಿರವಾಗಿರುವ ಸೇಂಟ್ ಜಾನ್‌ನ ಪತ್ರದವು. ಯಾಕೆ ಹೀಗೆ ಎಂಬ ಪ್ರಶ್ನೆಗೆ ನಿಮ್ಮದೇ ಎರಡು ಸಾಲು ಯೋಚಿಸಿಟ್ಟುಕೊಂಡು ಬನ್ನಿ.