ನೋಟಿಸ್: ನೀವು ಹಾಕಿರೋ ಐಟಿಆರ್-4 ನಡಿಯಲ್ಲ, ಐಟಿಆರ್-3 ಹಾಕ್ಬೇಕು

ಶೆಟ್ರೇ ನಮಸ್ಕಾರ, ದಾವಣಗೆರೆ ಆಫೀಸಿಂದ ಬರೀತಿದೀವಿ. 2025-26ರ ಅಸೆಸ್ಮೆಂಟ್ ವರ್ಷಕ್ಕೆ ನೀವೇ ಕೂತು ಫೈಲ್ ಮಾಡಿದ್ರಲ್ಲ, ಆ ರಿಟರ್ನ್ ಮೇಲೆ ಐಟಿ ಇಲಾಖೆಯ ಬೆಂಗಳೂರಿನ ಸಿಪಿಸಿಯಿಂದ 139(9)ರ ಕೆಳಗೆ ಡಿಫೆಕ್ಟಿವ್ ಅಂತ ನೋಟಿಸ್ ಬಂದಿದೆ, ತಾರೀಖು 12 ಜನವರಿ 2026. ಉತ್ತರ ಕೊಡೋಕೆ 15 ದಿನ, ಅಂದ್ರೆ 27ರೊಳಗೆ ಮುಗೀಬೇಕು.

ತಪ್ಪಾಗಿರೋದು ಫಾರಂನಲ್ಲಿ. ಹಾರ್ಡ್‌ವೇರ್ ಅಂಗಡಿ ಲಾಭವನ್ನ 44ಎಡಿ ಪ್ರಕಾರ ತೋರಿಸಿದೀರಿ, 98 ಲಕ್ಷ ಬ್ಯಾಂಕ್ ಮತ್ತೆ ಯುಪಿಐಲಿ ಬಂದಿದ್ದಕ್ಕೆ 6%, 50 ಲಕ್ಷ ಕ್ಯಾಶಿಗೆ 8%, ಒಟ್ಟು 9,88,000, ಅದು ಸರಿಯಾಗೇ ಇದೆ. ಆದ್ರೆ ನವೆಂಬರ್ 2024ರಲ್ಲಿ ಈಕ್ವಿಟಿ ಮ್ಯೂಚುವಲ್ ಫಂಡ್ ಮಾರಿದಾಗ 48,600 ಶಾರ್ಟ್ ಟರ್ಮ್ ಲಾಭ ಬಂದಿದೆ, ಅದನ್ನ ಇತರೆ ಆದಾಯದಲ್ಲಿ ಸೇರಿಸಿಬಿಟ್ಟಿದೀರಿ. ಐಟಿಆರ್-4ರಲ್ಲಿ ಶಾರ್ಟ್ ಟರ್ಮ್ ಲಾಭಕ್ಕೆ ಜಾಗಾನೇ ಇಲ್ಲ. ಈ ವರ್ಷದಿಂದ 112ಎ ಲಾಂಗ್ ಟರ್ಮ್ ಲಾಭ 1.25 ಲಕ್ಷದವರೆಗೆ ಅದ್ರಲ್ಲೇ ತೋರಿಸ್ಬಹುದು ಅಂತ ಮಾಡಿದಾರೆ, ನಿಮ್ಮ 36,000 ಲಾಂಗ್ ಟರ್ಮ್ ಒಂದೇ ಇದ್ದಿದ್ರೆ ಏನೂ ತೊಂದ್ರೆ ಇರ್ತಿರ್ಲಿಲ್ಲ, ಬಹಳ ಜನ ಇಲ್ಲೇ ಎಡವೋದು. ಐಟಿಆರ್-2ಕ್ಕೂ ಹೋಗಂಗಿಲ್ಲ, ಅದ್ರಲ್ಲಿ ಬಿಸಿನೆಸ್ ಆದಾಯ ಬರಲ್ಲ. ಬಿಸಿನೆಸ್ ಆದಾಯ, ಶಾರ್ಟ್ ಟರ್ಮ್ ಲಾಭ ಎರಡೂ ಇರೋರಿಗೆ ಐಟಿಆರ್-3 ಒಂದೇ ದಾರಿ. 44ಎಡಿ ಬಿಡ್ಬೇಕಾ ಅಂತ ಗಾಬರಿ ಬೇಡ, ಐಟಿಆರ್-3ರಲ್ಲೂ ಹಂಗೇ ತೋರಿಸ್ಬಹುದು.

ಟ್ಯಾಕ್ಸ್ ಸ್ವಲ್ಪ ಜಾಸ್ತಿ ಬರುತ್ತೆ. ಆ 48,600ಕ್ಕೆ ನೀವು ಹೊಸ ರೆಜೀಮ್ ಸ್ಲ್ಯಾಬ್ ರೇಟಲ್ಲಿ ಕಟ್ಟಿದೀರಿ, ಆದ್ರೆ 23 ಜುಲೈ 2024ರಿಂದ ಈಚೆಗೆ ಮಾರಿದ್ರ ಶಾರ್ಟ್ ಟರ್ಮ್ ಲಾಭಕ್ಕೆ 20%, ಸೆಸ್ ಸೇರಿ ಸುಮಾರು 3,150 ರೂಪಾಯಿ ವ್ಯತ್ಯಾಸ, ಮೇಲೆ ಬಡ್ಡಿ.

ಇಷ್ಟೇ ತಾನೇ, ಆಮೇಲೆ ನೋಡೋಣ ಅಂತ ದಯವಿಟ್ಟು ಬಿಡ್ಬೇಡಿ. ಟೈಮಲ್ಲಿ ಸರಿ ಮಾಡ್ದೆ ಹೋದ್ರೆ ರಿಟರ್ನ್ ಹಾಕ್ಲೇ ಇಲ್ಲ ಅನ್ನೋ ಲೆಕ್ಕಕ್ಕೆ ಬರುತ್ತೆ, ಬಿಲೇಟೆಡ್ ಗಡುವು ಡಿಸೆಂಬರ್ 31ಕ್ಕೇ ಮುಗೀತು, ಆಮೇಲೆ ಉಳಿಯೋದು ಅಪ್ಡೇಟೆಡ್ ರಿಟರ್ನ್, ಅದಕ್ಕೆ ಹೆಚ್ಚುವರಿ ಟ್ಯಾಕ್ಸ್ ಕಟ್ಬೇಕು, ರಿಫಂಡ್ ಕೇಳೋಕೂ ಆಗಲ್ಲ. ಅಂಗಡಿ ಲೋನ್ ರಿನ್ಯೂವಲ್‌ಗೆ ಬ್ಯಾಂಕಿನೋರು ಇದೇ ವರ್ಷದ ರಿಟರ್ನ್ ಕೇಳಿದಾರೆ ಅಂದಿದ್ರಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ನಾಳೆ ಸಂಜೆಯೊಳಗೆ ಮ್ಯೂಚುವಲ್ ಫಂಡಿನ ಕ್ಯಾಪಿಟಲ್ ಗೇನ್ಸ್ ಸ್ಟೇಟ್‌ಮೆಂಟ್ ಕಳ್ಸಿ, ಕೊಂಡ ತಾರೀಖು ಮಾರಿದ ತಾರೀಖು ಎರಡೂ ಇರೋದು. ಜೊತೆಗೆ 31 ಮಾರ್ಚ್ 2025ಕ್ಕೆ ಅಂಗಡೀಲಿದ್ದ ಸ್ಟಾಕ್, ಕೈಲಿದ್ದ ಕ್ಯಾಶ್, ಬರಬೇಕಾದ ಉದ್ರಿ, ಕೊಡಬೇಕಾದ ಬಾಕಿ ಒಂದು ಚೀಟೀಲಿ ಬರ್ದು ಫೋಟೋ ಹಾಕಿದ್ರೂ ಸಾಕು. ಪೋರ್ಟಲಲ್ಲಿ Pending Actions ಒಳಗೆ e-Proceedings ಅಂತ ಇದೆ, ನೋಟಿಸ್ ಅಲ್ಲೇ ಕಾಣುತ್ತೆ, ಓದ್ಕೊಳ್ಳಿ, ಆದ್ರೆ Agree, Disagree ಯಾವುದನ್ನೂ ನೀವಾಗಿ ಒತ್ಬೇಡಿ, ಉತ್ತರ ನಾವೇ ಹಾಕ್ತೀವಿ. ಓಟಿಪಿ ಬಂದಾಗ ಫೋನ್ ಎತ್ತಿ, ಅಷ್ಟು ಸಾಕು.