ಜಗುಲಿ ಮೇಲೆ ತರಕಾರಿ ಅಂಗಡಿ

ಜಗುಲಿಯಲ್ಲಿ ಗೋಣಿಚೀಲ ಹಾಸಿದ್ದೇನೆ. ಫ್ರಿಜ್‌ನಲ್ಲಿದ್ದ ತರಕಾರಿಯೆಲ್ಲ ಅದರ ಮೇಲಿದೆ. ಸೊಸೆ ಪುಣೆಯವಳು, ಶಿವಮೊಗ್ಗಕ್ಕೆ ಬಂದು ನಾಲ್ಕು ತಿಂಗಳಾಯಿತು. ನಾಳೆ ಗಾಂಧಿ ಬಜಾರ್‌ಗೆ ಒಬ್ಬಳೇ ಹೋಗುತ್ತಾಳಂತೆ. ಅದಕ್ಕೆ ಇವತ್ತು ನಾನು ತರಕಾರಿಯಮ್ಮ. ತಲೆ ಮೇಲೆ ಟವೆಲ್ ಇದ್ದಷ್ಟು ಹೊತ್ತು ವ್ಯಾಪಾರ. ಟವೆಲ್ ತೆಗೆದರೆ ನಾನು ಅತ್ತೆ. ಹಿಂದಿ ಮಾತಾಡುವ ಹಾಗಿಲ್ಲ.

ನಾನು: ಬನ್ನಿ ಅಕ್ಕ, ಬನ್ನಿ. ಬೆಂಡೆಕಾಯಿ ನೋಡಿ, ಎಳೇದು. ಬೆಳಗ್ಗೆ ಕೊಯ್ದಿದ್ದು.

ಸೊಸೆ: ಬೆಂಡೆಕಾಯಿ ಎಷ್ಟು?

ನಾನು: ಕೆಜಿ ಎಪ್ಪತ್ತು.

ಸೊಸೆ: ಇಪ್ಪತ್ತಾ! ಒಂದು ಕೆಜಿ ಕೊಡು.

(ಟವೆಲ್ ತೆಗೆದೆ. ‘ಕೊಡು’ ಅಲ್ಲ, ‘ಕೊಡಿ’. ಅವರು ನಿನಗಿಂತ ದೊಡ್ಡವರು. ಇನ್ನು ಇಪ್ಪತ್ತು, ಎಪ್ಪತ್ತು ಗಲಾಟೆಯಲ್ಲಿ ಒಂದೇ ತರ ಕೇಳುತ್ತವೆ. ಅನುಮಾನ ಬಂದರೆ ‘ಅರ್ಧ ಕೆಜಿಗೆ ಎಷ್ಟಾಯ್ತು?’ ಅಂತ ಕೇಳು. ಮೂವತ್ತೈದು ಅಂದರೆ ಗೊತ್ತಾಗುತ್ತದಲ್ವಾ. ಮತ್ತೆ ಬಾ.)

ಸೊಸೆ: ಬೆಂಡೆಕಾಯಿ ಹೇಗಮ್ಮ ಕೆಜಿ?

ನಾನು: ಎಪ್ಪತ್ತು, ಅಕ್ಕ.

ಸೊಸೆ: ಅಯ್ಯೋ, ಎಪ್ಪತ್ತಾ? ಜಾಸ್ತಿ ಆಯ್ತು. ಮೂವತ್ತಕ್ಕೆ ಕೊಡಿ.

ನಾನು: ಮೂವತ್ತಕ್ಕೆ ತೊಟ್ಟು ಬರುತ್ತೆ, ಕಾಯಿ ಬರಲ್ಲ. ಮಳೇಲಿ ಗಾಡಿ ಬಾಡಿಗೆ ಕೊಟ್ಟು ತಂದಿದ್ದೀನಿ.

(ಟವೆಲ್. ಅರ್ಧಕ್ಕಿಂತ ಕೆಳಗೆ ಕೇಳಿದರೆ ಅವರು ಮುಖ ಆ ಕಡೆ ತಿರುಗಿಸುತ್ತಾರೆ. ಹತ್ತು ಕಡಿಮೆ ಕೇಳು, ಐದಾದರೂ ಸಿಗುತ್ತದೆ. ಮೊದಲು ಬೆಂಡೆಕಾಯಿ ತುದಿ ಮುರಿದು ನೋಡು. ಪಟ್ ಅಂದರೆ ಎಳೇದು, ಬಾಗಿದರೆ ಬಲಿತದ್ದು. ಎಲ್ಲವನ್ನೂ ಮುರಿಯಬೇಡ, ಬೈಸಿಕೊಳ್ಳುತ್ತೀಯ.)

ಸೊಸೆ: (ಒಂದು ಮುರಿದು) ಇದು ಬಲಿತಿದೆ ಅಮ್ಮ. ಅರವತ್ತು ಮಾಡಿಕೊಳ್ಳಿ.

ನಾನು: ಇಲ್ಲ ಅಕ್ಕ, ನಂಗೆ ಅಸಲೇ ಹುಟ್ಟಲ್ಲ.

ಸೊಸೆ: ಸರಿ ಬಿಡಿ, ಆಚೆ ಅಂಗಡೀಲಿ ನೋಡ್ತೀನಿ.

ಎರಡು ಹೆಜ್ಜೆ ಹೋದಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ! ಪುಣೆಯಲ್ಲೂ ಹೀಗೇ ಇರಬೇಕು.

ನಾನು: ಬನ್ನಿ ಬನ್ನಿ, ಬೆಳಗಿನ ಬೋಣಿ. ಅರವತ್ತೇ ಕೊಡಿ. ಎಷ್ಟು ಹಾಕಲಿ?

ಸೊಸೆ: ಅರ್ಧ ಕೆಜಿ. ನಾನೇ ಆರಿಸ್ಲಾ?

ನಾನು: ಆರಿಸ್ಕೊಳ್ಳಿ. ಸೌತೆಕಾಯಿ ಬೇಡ್ವಾ? ಕೆಜಿ ನಲವತ್ತು. ಹುಳಿಗೆ ಚೆನ್ನಾಗಿರುತ್ತೆ.

ಸೊಸೆ: ಇದು ಹಸಿ ತಿನ್ನೋದಾ?

ನಾನು: ಅಲ್ಲಕ್ಕ, ಇದು ಮಂಗಳೂರು ಸೌತೆ. ಹಸಿ ತಿನ್ನೋದು ಎಳೆ ಸೌತೆ, ಅದು ಪಕ್ಕದ ಬುಟ್ಟೀಲಿದೆ.

(ಸಾಗರದ ಕಡೆ ಇದನ್ನೇ ಮೊಗೆಕಾಯಿ ಅನ್ನುತ್ತಾರೆ. ಎರಡೂ ಹೆಸರು ನೆನಪಿಟ್ಟುಕೋ.)

ಸೊಸೆ: ಮಂಗಳೂರು ಸೌತೆ ಒಂದು ಅರ್ಧ ಕೆಜಿ ಕೊಡಿ.

ನಾನು: ಅರ್ಧ ಕೆಜಿ ಬರಲ್ಲ ಅಕ್ಕ, ಒಂದು ಕಾಯಿನೇ ಅದಕ್ಕಿಂತ ಜಾಸ್ತಿ ತೂಗುತ್ತೆ.

ಸೊಸೆ: ಅಲ್ಲ, ಒಂದು... ಮತ್ತೆ ಅರ್ಧ.

(ಒಂದೂವರೆ! ಒಂದೂವರೆ, ಎರಡೂವರೆ, ಮೂರೂವರೆ. ‘ಒಂದು ಅರ್ಧ ಕೆಜಿ’ ಅಂದರೆ ಅರ್ಧ ಕೆಜಿಯೇ ಬರುತ್ತದೆ. ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರೆ. ಐದು ಸಲ ಹೇಳಿದಳು. ಆಮೇಲೆ ಮುಂದೆ ಹೋದೆವು.)

ಸೊಸೆ: ಒಂದೂವರೆ ಕೆಜಿ ಹಾಕಿ. ಕೊತ್ತಂಬರಿ ಸೊಪ್ಪು ಕಟ್ಟಿಗೆ ಎಷ್ಟು?

ನಾನು: ಹದಿನೈದು. ಎರಡು ತಗೊಂಡ್ರೆ ಇಪ್ಪತ್ತೈದು.

ಸೊಸೆ: ಎರಡು ಕೊಡಿ. ಬಾಡಿದ್ದು ಬೇಡ. ಎಲ್ಲ ಸೇರಿ ಎಷ್ಟಾಯ್ತು?

ನಾನು: ಬೆಂಡೆ ಮೂವತ್ತು, ಸೌತೆ ಅರವತ್ತು, ಸೊಪ್ಪು ಇಪ್ಪತ್ತೈದು. ನೂರ ಹದಿನೈದು.

ಸೊಸೆ: ಸ್ಕ್ಯಾನ್ ಮಾಡ್ಲಾ?

ನಾನು: ಮಳೆಗೆ ನೆಟ್‌ವರ್ಕ್ ಇಲ್ಲ ಅಕ್ಕ. ಕ್ಯಾಶ್ ಕೊಡಿ.

ಇನ್ನೂರರ ನೋಟು ಕೊಟ್ಟಳು. ನನ್ನದೇ ಪರ್ಸಿನದು.

ನಾನು: ಚಿಲ್ಲರೆ ಇಲ್ವಲ್ಲ. ಹದಿನೈದು ರೂಪಾಯಿ ಇದ್ರೆ ಕೊಡಿ, ನೂರು ವಾಪಸ್ ಕೊಡ್ತೀನಿ.

ಸ್ವಲ್ಪ ಹೊತ್ತು ಬೆರಳು ಮಡಚಿ ಲೆಕ್ಕ ಹಾಕಿದಳು. ಆಮೇಲೆ ಹದಿನೈದು ಕೊಟ್ಟು, ನೂರು ತೆಗೆದುಕೊಂಡು ಹೊರಟೇಬಿಟ್ಟಳು.

(ನಿಲ್ಲು! ಕೊಸರು ಕೇಳದೆ ಹೋಗುತ್ತೀಯಾ? ಇಷ್ಟು ತಗೊಂಡ ಮೇಲೆ ಕರಿಬೇವು, ಹಸಿಮೆಣಸು ಸುಮ್ನೆ ಹಾಕಿಸಿಕೊಳ್ಳಬೇಕು. ದುಡ್ಡು ಕೊಟ್ಟ ಮೇಲೆ, ನಗುತ್ತಾ ಕೇಳಬೇಕು.)

ಸೊಸೆ: ಅಮ್ಮ, ಸ್ವಲ್ಪ ಕರಿಬೇವು ಹಾಕ್ರೀ. ಹಸಿಮೆಣಸಿನಕಾಯಿನೂ. ನಾಳೆನೂ ನಿಮ್ಮ ಹತ್ರನೇ ಬರ್ತೀನಿ.

ನಾನು: ಕರಿಬೇವು ತಗೊಳ್ಳಿ. ಮೆಣಸಿನಕಾಯಿ ಎರಡೇ.

ಸೊಸೆ: ನಾಲ್ಕು.

ನಾನು: ಮೂರು. ಹೋಗಿ ಅಕ್ಕ, ಹಿಂದೆ ಜನ ನಿಂತಿದ್ದಾರೆ.

ಹಿಂದೆ ನಿಂತಿದ್ದದ್ದು ನಮ್ಮನೆಯವರು. ಅವರಿಗೆ ಕಾಫಿ ಬೇಕಾಗಿತ್ತು.