ಪುಟ್ಟಾ, ವಿಮಾನ ಹತ್ತಿದ ಮೇಲೆ ಓದು

ಪುಟ್ಟಾ,

ಎದುರಿಗೆ ಹೇಳೋಕೆ ಹೋದ್ರೆ ನೀನು "ಗೊತ್ತು ಅಜ್ಜ, ಗೊತ್ತು" ಅಂತೀಯ. ಅದಕ್ಕೇ ಬರೆದು ನಿನ್ನ ಕೈಚೀಲದ ಹೊರ ಜೇಬಿನಲ್ಲಿ ಇಟ್ಟಿದ್ದೇನೆ. ಕನ್ನಡಕ ಹಾಕಿಕೊಂಡು ಎರಡು ದಿನ ಕೂತು ಬರೆದದ್ದು, ಪೂರ್ತಿ ಓದು.

ನನಗೆ ಮೊದಲ ಕೆಲಸ ಸಿಕ್ಕಾಗ ಮನೆಯಿಂದ ಒಂದು ರಾತ್ರಿಯ ಪ್ರಯಾಣ ಅಷ್ಟೇ, ಆದರೂ ಆರು ತಿಂಗಳು ಒದ್ದಾಡಿಬಿಟ್ಟೆ. ಆದರೆ ವಾರಕ್ಕೊಂದು ಕಾರ್ಡಿನಲ್ಲಿ "ನಾನು ಕ್ಷೇಮ" ಅಂತಲೇ ಬರೆಯುತ್ತಿದ್ದೆ. ಒಂದು ಭಾನುವಾರ ಬಾಗಿಲು ತೆಗೆದರೆ ನಮ್ಮಪ್ಪ ನಿಂತಿದ್ದಾರೆ. "ಅಕ್ಷರ ದಿನದಿನಕ್ಕೆ ಸಣ್ಣದಾಗ್ತಿದೆಯಲ್ಲೋ, ಏನಾಯ್ತು?" ಅಂದರು. ನಿನ್ನ ಮೆಸೇಜಿನಲ್ಲಿ ಅಕ್ಷರವೆಲ್ಲ ಒಂದೇ ಅಳತೆ, ನನಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಕಷ್ಟ ಇದ್ದರೆ ಕಷ್ಟ ಅಂತಲೇ ಹೇಳು. ಎರಡು ತಿಂಗಳು ಕಳೆದ ಮೇಲೆ ಹೊಸತನ ಇಳಿದು ಮನೆ ಬಹಳ ನೆನಪಾಗುತ್ತದೆ. ದೂರದ ಬೆಟ್ಟ ನುಣ್ಣಗೆ ಅಂತ ಹೊರದೇಶದ ಬಗ್ಗೆ ಎಲ್ಲರೂ ಹೇಳಿರ್ತಾರೆ, ಆದರೆ ಅಲ್ಲಿ ಕೂತು ನೋಡುವಾಗ ಈ ಮನೆಯೂ ದೂರದ ಬೆಟ್ಟವೇ ಅಲ್ವಾ? ಇಲ್ಲಿದ್ದಾಗ ನೀನು ನಿಮ್ಮಪ್ಪನ ಜೊತೆ ದಿನಾ ಜಗಳ ಆಡಿದ್ದು ಆಗ ನೆನಪಿಗೆ ಬರಲ್ಲ!

ದುಡ್ಡಿನ ವಿಚಾರ. ಕಾಗದದಲ್ಲಿರುವ ಸಂಬಳ ಬೇರೆ, ತೆರಿಗೆ, ವಿಮೆ ಎಲ್ಲ ಹೋಗಿ ಕೈಗೆ ಬರುವುದು ಬೇರೆ, ಅದರಲ್ಲೂ ಮನೆ ಬಾಡಿಗೆಯೇ ದೊಡ್ಡ ತುಂಡು ನುಂಗುತ್ತದೆ. ಮೊದಲ ತಿಂಗಳೇ ರೂಪಾಯಿಗೆ ಲೆಕ್ಕ ಹಾಕಿ ಹಿಗ್ಗಬೇಡ, ಖರ್ಚು ಮಾಡುವುದು ಅಲ್ಲಿನ ದುಡ್ಡಿನಲ್ಲೇ ತಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚು. ವಾಪಸ್ ಬರುವ ಟಿಕೆಟ್ಟಿನಷ್ಟು ಹಣ ಮಾತ್ರ ಯಾವಾಗಲೂ ಬೇರೆ ಇಟ್ಟಿರು, ಅದನ್ನು ಮುಟ್ಟಬೇಡ. ನನಗೂ ಕಳಿಸಬೇಡ, ಪಿಂಚಣಿ ಸಾಕು.

ಪಾಸ್‌ಪೋರ್ಟ್ ಯಾರ ಕೈಯಲ್ಲೂ ಬಿಟ್ಟು ಬರಬೇಡ, ಕೆಲಸ ಕೊಟ್ಟವರ ಕೈಯಲ್ಲೂ. ನೋಡಲಿ, ನಕಲು ತೆಗೆದುಕೊಳ್ಳಲಿ, ವಾಪಸ್ ಕೊಡಲಿ. ಅರ್ಥವಾಗದ ಕಾಗದಕ್ಕೆ ಸಹಿ ಬೇಡ, "ನಾಳೆ ಕೊಡ್ತೀನಿ" ಅಂದರೆ ಯಾರೂ ನಿನ್ನನ್ನು ತಿನ್ನಲ್ಲ.

ಇನ್ನು ನಿನ್ನ ಕೋಪ. ಅದು ನನ್ನಿಂದಲೇ ಬಂದಿದ್ದು, ಬೈಯೋ ಹಾಗೂ ಇಲ್ಲ. ನಾನು ಒಮ್ಮೆ ಎಲ್ಲರೆದುರು ಮೇಲಧಿಕಾರಿಗೆ ಒಂದು ಮಾತು ಅಂದುಬಿಟ್ಟೆ. ತಪ್ಪು ಅವರದೇ, ಆದರೂ ಆಮೇಲೆ ನನ್ನ ಕೆಲಸ ಯಾರಿಗೂ ಕಾಣಲಿಲ್ಲ, ಆ ಮಾತು ಮಾತ್ರ ಎಲ್ಲರಿಗೂ ಕೇಳುತ್ತಲೇ ಇತ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಸಿಟ್ಟಿನಲ್ಲಿ ಬರೆದ ಇಮೇಲನ್ನು ಒಂದು ರಾತ್ರಿ ಹಾಗೇ ಇಟ್ಟು, ಬೆಳಿಗ್ಗೆ ಓದಿ ಆಮೇಲೆ ಕಳಿಸು.

ಇಳಿದ ತಕ್ಷಣ ಫೋನ್ ಮಾಡು. ಇಲ್ಲಿ ಎಷ್ಟು ಗಂಟೆ ಅಂತ ಲೆಕ್ಕ ಹಾಕಬೇಡ. ನಿಮ್ಮಜ್ಜಿ ಈಗಲೇ ಫೋನನ್ನು ತಲೆದಿಂಬಿನ ಹತ್ತಿರ ಇಟ್ಟುಕೊಂಡಿದ್ದಾಳೆ, ನೀನಿನ್ನೂ ಪಕ್ಕದ ಕೋಣೆಯಲ್ಲಿ ಮಲಗಿದ್ದೀಯ.

ನಿನ್ನ ಅಜ್ಜ